ಒಡಲಿಗೊಂದು ಸಾಲು, ದಡಿಗೊಂದು, ಸೆರಗಿಗೊಂದು

"ಪ್ಯೂರ್ ಸಿಲ್ಕ್ ಇಳಕಲ್, ಒರಿಜಿನಲ್ ಹ್ಯಾಂಡ್‌ಲೂಮ್, ಸೂಪರ್ ಕ್ವಾಲಿಟಿ, ಬ್ಲೌಸ್ ಪೀಸ್ ಸಹಿತ." ಮೊಬೈಲಿನಲ್ಲಿ ಸೀರೆ ಮಾರುವವರು ಫೋಟೊದ ಕೆಳಗೆ ಬರೆಯುವ ಸಾಲು ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಇದರಲ್ಲಿ ಕೊಳ್ಳುವವರು ಸೀರೆ ಕೈಗೆ ಬಂದ ಮೇಲೆ ಖಚಿತವಾಗಿ ಸರಿ ತಪ್ಪು ನೋಡಬಹುದಾದದ್ದು ಒಂದೇ, ರವಿಕೆ ಬಟ್ಟೆ ಇದೆಯೋ ಇಲ್ಲವೋ ಎಂಬುದು. ಉಳಿದದ್ದನ್ನೆಲ್ಲ ನಂಬಿಕೆಯ ಮೇಲೆ ತೆಗೆದುಕೊಳ್ಳಬೇಕು. ಮೊದಲ ಎರಡು ಪದಗಳಂತೂ ಬಹಳ ಸಲ ಸುಳ್ಳು. ಮಾರುವವರಿಗೆ ಮೋಸ ಮಾಡುವ ಮನಸ್ಸು ಇಲ್ಲದಿದ್ದರೂ ಅದು ಸುಳ್ಳಾಗುತ್ತದೆ. ಏಕೆಂದರೆ ಇಳಕಲ್ ಸೀರೆ ಒಂದೇ ಬಟ್ಟೆಯಲ್ಲ. ಬಹಳ ಸಲ ಅದರ ಒಡಲು ಒಂದು ನೂಲು, ದಡಿ ಇನ್ನೊಂದು, ಸೆರಗು ಮತ್ತೊಂದು. ಮೂರಕ್ಕೂ ಸೇರಿಸಿ ಒಂದೇ ಹೆಸರು ಹಚ್ಚಲು ಹೋದಾಗ ಮೂರರಲ್ಲಿ ಒಂದೆರಡಕ್ಕಾದರೂ ಅದು ಹೊಂದುವುದಿಲ್ಲ.

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಈ ಮಾತಿಗೆ ಇನ್ನೂ ಒಂದು ತೊಡಕಿದೆ. ಇಲ್ಲಿಂದ ಲಂಗರ್‌ಹೌಜ್ ದಾಟಿ ಚೇವೆಳ್ಳದ ಆಲದ ಮರಗಳ ನಡುವೆ ಸಾಗುವ ಹೆದ್ದಾರಿಗೆ ಜನ ಇಂದಿಗೂ ಬಿಜಾಪುರ ರಸ್ತೆ ಎನ್ನುತ್ತಾರೆ. ಅದೇ ದಾರಿಯ ಕೊಡಂಗಲ್ 1956ರವರೆಗೆ ಕಲಬುರಗಿ ಜಿಲ್ಲೆಯಲ್ಲಿತ್ತು. ಗದ್ವಾಲ್ ರಾಯಚೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ಗಡಿ ಸರಿಯಿತು, ಮಗ್ಗಗಳು ಇದ್ದಲ್ಲೇ ಇದ್ದವು. ಹೀಗಾಗಿ ಗದ್ವಾಲ್, ನಾರಾಯಣಪೇಟೆ, ಇಳಕಲ್ ಈ ಮೂರೂ ಸೀರೆಗಳು ಹೈದರಾಬಾದಿನ ಒಂದೇ ಅಂಗಡಿಯ ಒಂದೇ ಹಲಗೆಯ ಮೇಲೆ ಕೂರುತ್ತವೆ. ಮೂರರಲ್ಲೂ ಹತ್ತಿ ಒಡಲಿನ ಸೀರೆಗಳಿವೆ, ಮೂರರಲ್ಲೂ ಎದ್ದು ಕಾಣುವ ದಡಿ, ಸೆರಗು ಇವೆ. ತೆಲುಗು ಮಾತಾಡುವ ಗಿರಾಕಿ ಇಳಕಲ್ ಸೀರೆಯನ್ನು ನಾರಾಯಣಪೇಟೆ ಎನ್ನುತ್ತಾರೆ, ಕನ್ನಡದವರು ನಾರಾಯಣಪೇಟೆಯನ್ನು ಇಳಕಲ್ ಎನ್ನುತ್ತಾರೆ.

ನಮ್ಮ ಬೀದಿಯಲ್ಲಿ ಹುನಗುಂದ ಕಡೆಯಿಂದ ಮದುವೆಯಾಗಿ ಬಂದ ಒಬ್ಬ ಹೆಣ್ಣುಮಗಳಿದ್ದಾಳೆ. ತವರಿಗೆ ಹೋದಾಗಲೆಲ್ಲ ಇಳಕಲ್‌ನಿಂದ ಒಂದಷ್ಟು ಸೀರೆ ತಂದು ಮನೆಯಿಂದಲೇ ಮಾರುತ್ತಾಳೆ. ಮೊದಮೊದಲು ರೈತು ಬಜಾರಿನಲ್ಲಿ ಪರಿಚಯವಾದವರು ಕೊಂಡರು, ಈಗ ಪಾರ್ಸೆಲ್ಲಿನಲ್ಲಿ ದೂರದ ಊರುಗಳಿಗೂ ಹೋಗುತ್ತವೆ. ಸೀರೆಯ ವಿವರ ಬರೆದುಕೊಡಿ ಎಂದು ನನ್ನನ್ನು ಕೇಳಿದಳು. ಬರೆಯಲು ಕೂತ ಮೊದಲ ಸೀರೆ ಕಡುನೀಲಿ ಒಡಲಿನದು, ಕೆಂಪು ಸೆರಗು, ಕೆಂಪು ದಡಿ. ನಾನು "ಇದು ಯಾವ ನೂಲು?" ಎಂದೆ.

"ಸಿಲ್ಕ್ ಅಂತ ಬರೀರಿ ಅಕ್ಕಾರ. ಸಿಲ್ಕ್ ಅನ್ನಲಿಲ್ಲಂದ್ರ ಯಾರೂ ತಿರುಗಿ ನೋಡಂಗಿಲ್ಲ."

"ಒಡಲು ಸಿಲ್ಕಾ?"

"ಒಡಲು ಹತ್ತಿ ಇರಬೇಕ್ರಿ. ಸೆರಗು ಸಿಲ್ಕ್. ದಡಿ... ಕಾಕಾರಿಗೆ ಕೇಳ್ತೀನಿ ತಡೀರಿ."

ನೇಯ್ದವರಿಗೆ ಫೋನ್ ಹಚ್ಚಿದಳು. ಅವರು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು: "ಒಡಲು ಹಾಸು ಹೊಕ್ಕು ಎರಡೂ ಹತ್ತಿ. ಸೆರಗು ರೇಷ್ಮಿ. ದಡಿ ಚಮಕಾ ಐತವ್ವಾ." ನೇಕಾರ ತನ್ನ ಬಟ್ಟೆಯನ್ನು ಭಾಗ ಭಾಗವಾಗಿಯೇ ಯೋಚಿಸುತ್ತಾನೆ. ಮಾರುವ ಹೊತ್ತಿಗೆ ಆ ಮೂರು ಮಾತು ಕಳೆದುಹೋಗಿ "ಪ್ಯೂರ್ ಸಿಲ್ಕ್" ಎಂಬ ಒಂದು ಮಾತು ಉಳಿಯುತ್ತದೆ.

ಚಮಕಾ ಎಂದರೆ ರೇಯಾನ್, ಕೃತಕ ರೇಷ್ಮೆ. ಇಳಕಲ್‌ನ ಮಗ್ಗಗಳಲ್ಲಿ ಅದು ಬಹಳ ಕಾಲದಿಂದ ಬಳಕೆಯಲ್ಲಿದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಚಮಕಾ ದಡಿಯ ಸೀರೆಗೂ ರೇಷ್ಮೆ ದಡಿಯ ಸೀರೆಗೂ ನೇಯುವ ಕೈ ಒಂದೇ, ಬೆಲೆ ಮಾತ್ರ ಬೇರೆ. ಹೆಸರು ಮುಚ್ಚಿಟ್ಟಾಗಲೇ ಅದು ಮೋಸವಾಗುವುದು. ಹಾಗಾಗಿ ವಿವರದ ಮೊದಲ ಕೆಲಸ ಮೂರು ಸಾಲು ಬರೆಯುವುದು: ಒಡಲಿನ ಹಾಸು ಹೊಕ್ಕು ಯಾವುವು, ದಡಿಯ ನೂಲು ಯಾವುದು, ಸೆರಗಿನ ನೂಲು ಯಾವುದು. ಹಾಸು ಹೊಕ್ಕುಗಳನ್ನು ಬಿಡಿಸಿ ಬರೆಯುವುದು ಸೂಕ್ಷ್ಮತನ ತೋರಿಸಲಿಕ್ಕಲ್ಲ. ರೇಷ್ಮೆ ಹಾಸಿಗೆ ಹತ್ತಿ ಹೊಕ್ಕು ಹಾಕಿದ ಒಡಲು ಮೇಲ್ನೋಟಕ್ಕೆ ರೇಷ್ಮೆಯಂತೆಯೇ ಹೊಳೆಯುತ್ತದೆ. ಕೊಳ್ಳುವವರು ಪೂರ್ತಿ ರೇಷ್ಮೆಯ ಬೆಲೆ ಕೊಟ್ಟು ಅರ್ಧ ಹತ್ತಿ ಒಯ್ಯುವುದು ಅಲ್ಲಿಯೇ.

ನೇಕಾರರು ಹೇಳಿದ್ದನ್ನು ನಾವೂ ನೋಡಬೇಕಲ್ಲ. ಹೊಸ ಸೀರೆಯ ಸೆರಗಿನ ಕೊನೆಯಲ್ಲಿ ಬಿಡಿ ಎಳೆಗಳು ಜೋಲುತ್ತಿರುತ್ತವೆ, ಒಳತುದಿಯಲ್ಲೂ ನಾಲ್ಕಾರು ಎಳೆ ಸಿಗುತ್ತವೆ. ಅಲ್ಲಿಂದ ಒಡಲಿನದೊಂದು, ದಡಿಯದೊಂದು, ಸೆರಗಿನದೊಂದು ಎಳೆ ಬಿಡಿಸಿಕೊಂಡು, ಚಿಮಟದಲ್ಲಿ ಹಿಡಿದು, ಸ್ಟೀಲ್ ತಟ್ಟೆಯ ಮೇಲೆ ಸುಟ್ಟು ನೋಡಿದೆವು. ಸೆರಗಿನ ಎಳೆ ಬೆಂಕಿ ತೆಗೆದ ಕೂಡಲೇ ಆರಿತು, ಕೂದಲು ಸುಟ್ಟ ವಾಸನೆ ಬಂತು, ಬೂದಿಯನ್ನು ಬೆರಳಲ್ಲಿ ಒತ್ತಿದರೆ ಕಪ್ಪು ಪುಡಿಯಾಯಿತು. ಅದು ರೇಷ್ಮೆ. ಒಡಲಿನ ಎಳೆ ಕಾಗದದಂತೆ ಉರಿದು ಹಗುರ ಬೂದಿ ಬಿಟ್ಟಿತು. ಸಮಸ್ಯೆ ಬಂದದ್ದು ದಡಿಯಲ್ಲಿ. ಅದೂ ಕಾಗದದಂತೆಯೇ ಉರಿಯಿತು. ರೇಯಾನ್ ತಯಾರಾಗುವುದು ಮರದ ತಿರುಳಿನಿಂದ, ಹತ್ತಿಯೂ ಗಿಡದ ನಾರೇ. ಆದ್ದರಿಂದ ಬೆಂಕಿ ಈ ಎರಡನ್ನು ಬೇರೆ ಮಾಡಿ ತೋರಿಸುವುದಿಲ್ಲ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗುತ್ತಿತ್ತು. ಆಗಲಿಲ್ಲ ಎಂಬುದಷ್ಟೇ ಬೆಂಕಿಯಿಂದ ಗೊತ್ತಾಯಿತು.

ಹತ್ತಿಗೂ ರೇಯಾನಿಗೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ನೀರು ಬೇಕು. ಒಂದು ಗೇಣು ಎಳೆ ತೆಗೆದುಕೊಂಡು ನಡುವೆ ಮಾತ್ರ ಒದ್ದೆ ಮಾಡಿ ಎರಡೂ ತುದಿ ಹಿಡಿದು ಎಳೆಯಿರಿ. ಹತ್ತಿ ಒದ್ದೆಯಾದರೆ ಬಲವಾಗುತ್ತದೆ, ಹಾಗಾಗಿ ಒಣಗಿದ ಕಡೆ ಹರಿಯುತ್ತದೆ. ರೇಯಾನ್ ಒದ್ದೆಯಾದರೆ ತನ್ನ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ, ಒದ್ದೆ ಮಾಡಿದ ಜಾಗದಲ್ಲೇ ಕಡಿಯುತ್ತದೆ. ನಮ್ಮ ದಡಿಯ ಎಳೆ ನಡುವೆಯೇ ಕಡಿಯಿತು. ಕಾಕಾರ ಮಾತು ನಿಜ, ಚಮಕಾ. ಈ ಪರೀಕ್ಷೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ನೂಲಿನ ಹೆಸರು ತಿಳಿಯುವುದರ ಜೊತೆಗೆ ಆ ಸೀರೆಯನ್ನು ಒಗೆಯುವುದು ಹೇಗೆ ಎಂಬುದನ್ನೂ ಅದು ಅಲ್ಲೇ ತಿಳಿಸಿಬಿಡುತ್ತದೆ. ಒಗೆತದ ಮಾತಿಗೆ ಮುಂದೆ ಬರುತ್ತೇನೆ.

ಈಗ ಕೈಮಗ್ಗದ ಪ್ರಶ್ನೆ. ಇಳಕಲ್ ಸೀರೆಯನ್ನು ಬೇರೆ ಸೀರೆಗಳಿಂದ ಪ್ರತ್ಯೇಕಿಸುವ ಗುರುತು ಸೆರಗು ಒಡಲಿಗೆ ಕೂಡುವ ಗೆರೆಯಲ್ಲಿದೆ. ಸಾಮಾನ್ಯ ಸೀರೆಯಲ್ಲಿ ಹಾಸಿನ ಎಳೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ. ಸೆರಗು ಬಂದಾಗ ಹೊಕ್ಕಿನ ಬಣ್ಣ ಬದಲಾಗುತ್ತದೆ, ಹಾಸು ಬದಲಾಗುವುದಿಲ್ಲ. ಇಳಕಲ್‌ನಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲಿನ ಹಾಸಿನ ತುದಿಯ ಕುಣಿಕೆಗಳಿಗೆ ಸೆರಗಿನ ಹಾಸಿನ ಕುಣಿಕೆಗಳನ್ನು ಒಂದೊಂದಾಗಿ ಸಿಕ್ಕಿಸಿ, ಆಮೇಲೆ ನೇಯುತ್ತಾರೆ. ಇದನ್ನು ಕೊಂಡಿ ಎನ್ನುತ್ತಾರೆ. ಪ್ರತಿ ಸೀರೆಗೂ ಹೊಸದಾಗಿ ಕೊಂಡಿ ಹಾಕಬೇಕು. ಆದ್ದರಿಂದ ಹಾಸನ್ನೂ ಒಂದು ಸೀರೆಯ ಉದ್ದಕ್ಕೆ, ಆರು ಗಜವೋ ಎಂಟೋ ಒಂಬತ್ತೋ, ಅಷ್ಟಕ್ಕೇ ತಯಾರಿಸುತ್ತಾರೆ. ಹತ್ತಾರು ಸೀರೆಯ ಹಾಸು ಒಟ್ಟಿಗೆ ಸುತ್ತಿ ಬಿಡದೆ ಓಡಿಸುವ ವಿದ್ಯುತ್ ಮಗ್ಗಕ್ಕೆ ಈ ಕೆಲಸ ಹೊಂದುವುದಿಲ್ಲ.

ಸೆರಗಿನ ಗೆರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದೆವು. ಒಂದು ಕಡೆ ನೀಲಿ ಹತ್ತಿ ಎಳೆಗಳು, ಇನ್ನೊಂದು ಕಡೆ ಕೆಂಪು ರೇಷ್ಮೆ ಎಳೆಗಳು, ನಡುವೆ ಹೊಲಿಗೆಯಿಲ್ಲದ, ಗಂಟಿಲ್ಲದ ಒಂದು ಸಣ್ಣ ಗೆರೆ. ಅಲ್ಲಿ ನೀಲಿ ಕುಣಿಕೆ ಕೆಂಪು ಕುಣಿಕೆಯನ್ನು ಹಿಡಿದುಕೊಂಡಿರುವುದು ಮೊಬೈಲ್ ಕ್ಯಾಮೆರಾವನ್ನು ಹತ್ತಿರ ತಂದರೆ ಚೆನ್ನಾಗಿ ಕಾಣುತ್ತದೆ. ಇನ್ನೊಂದು ಸುಲಭದ ಗುರುತು ಬಣ್ಣದಲ್ಲಿದೆ. ಕೊಂಡಿ ಹಾಕಿದ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಆದ್ದರಿಂದ ಕೆಂಪು ತುಂಬಿಕೊಂಡಿರುತ್ತದೆ, ಮಡಿಸಿ ಆಚೀಚೆ ತಿರುಗಿಸಿದರೂ ಬೇರೆ ಬಣ್ಣ ಇಣುಕುವುದಿಲ್ಲ. ನಕಲಿನಲ್ಲಿ ನೀಲಿ ಹಾಸು ಸೆರಗಿನೊಳಗೂ ಮುಂದುವರಿದಿರುತ್ತದೆ. ಮೇಲೆ ಕೆಂಪು ಹೊಕ್ಕು ಹಾಕಿದರೂ ಸೆರಗು ನೇರಳೆಗೆ ತಿರುಗಿದಂತೆ ಮಂಕಾಗಿ ಕಾಣುತ್ತದೆ, ತುದಿಯ ಬಿಡಿ ಎಳೆಗಳೂ ನೀಲಿಯೇ ಇರುತ್ತವೆ. ಫೋಟೊ ನೋಡಿ ಕೊಳ್ಳುವವರು ಕೇಳಬೇಕಾದದ್ದು ಈ ಎರಡು ಚಿತ್ರ: ಗೆರೆಯ ಹಿಂಬದಿ, ಮತ್ತು ಸೆರಗಿನ ತುದಿಯ ಬಿಡಿ ಎಳೆ. ಮಡಿಕೆ ಹಾಕಿದ ಸೀರೆಯ ಹೊಳೆಯುವ ಮುಂಬದಿ ಎಷ್ಟು ಫೋಟೊ ಹಾಕಿದರೂ ಏನೂ ಹೇಳುವುದಿಲ್ಲ.

ಹಲವರು ನಂಬುವ ಇನ್ನೊಂದು ಗುರುತಿದೆ, ದಡಿಯ ಅಂಚಿನ ಸಣ್ಣ ಸೂಜಿ ತೂತುಗಳು. ನೇಯುವಾಗ ಬಟ್ಟೆಯ ಅಗಲ ಕುಗ್ಗದಂತೆ ಎರಡೂ ಅಂಚಿಗೆ ಚುಚ್ಚಿ ಕೋಲು ಹಿಡಿಸುತ್ತಾರೆ, ಅದರ ಗುರುತು ಅವು. ಆದರೆ ವಿದ್ಯುತ್ ಮಗ್ಗದಲ್ಲೂ ಬಟ್ಟೆಯನ್ನು ಅಗಲಕ್ಕೆ ಹಿಡಿದಿಡುವ ಮುಳ್ಳಿನ ಉರುಳೆಗಳಿರುತ್ತವೆ, ಅವೂ ತೂತು ಬಿಡುತ್ತವೆ. ಕೈಮಗ್ಗದ ತೂತುಗಳು ಕೋಲನ್ನು ತೆಗೆದು ಮುಂದಕ್ಕೆ ಚುಚ್ಚಿದ ಅಂತರದಲ್ಲಿ ಗುಂಪಾಗಿ ಬರುತ್ತವೆ, ಯಂತ್ರದ್ದು ಉದ್ದಕ್ಕೂ ಒಂದೇ ಸಮ ಓಡುತ್ತವೆ. ಅನುಭವ ಇಲ್ಲದ ಕಣ್ಣಿಗೆ ಇದು ಗೊತ್ತಾಗುವುದು ಕಷ್ಟ. ಬರೀ ತೂತು ತೋರಿಸಿ ಕೈಮಗ್ಗ ಎಂದು ಹೇಳುವವರ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಊರಿನ ಹೆಸರನ್ನು ಬರೆಯುವಾಗಲೂ ಕೊಂಡಿಯೇ ನೆರವಿಗೆ ಬರುತ್ತದೆ. ಇಳಕಲ್‌ನ ಟೋಪ್ ತೆನಿ ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ಅವುಗಳ ನಡುವೆ ಎರಡು ಬಿಳಿ ವಿನ್ಯಾಸದ ಪಟ್ಟಿ. ಬಿಳಿಯಲ್ಲಿ ಹಣಿಗೆಯ ಹಲ್ಲಿನಂತೆ, ಕೋಟೆಯ ತೆನೆಯಂತೆ, ಜೋಳದ ತೆನೆಯಂತೆ ಮೊನೆಗಳು ಕೆಂಪಿನೊಳಗೆ ನುಗ್ಗಿರುತ್ತವೆ. ನಾರಾಯಣಪೇಟೆಯ ಸಾಂಪ್ರದಾಯಿಕ ಸೆರಗಿನಲ್ಲೂ ಕೆಂಪು ಬಿಳಿ ಪಟ್ಟಿಗಳು ಸರದಿಯಲ್ಲಿ ಬರುತ್ತವೆ. ದೂರದಿಂದ ನೋಡಿದವರು ಎರಡನ್ನೂ ಒಂದೇ ಅಂದುಕೊಳ್ಳುವುದು ಸಹಜ. ಆದರೆ ನಾರಾಯಣಪೇಟೆಯಲ್ಲಿ ಮಗ್ಗಕ್ಕೆ ಒಂದೇ ಸಲ ಎಂಟು ಸೀರೆಯ ಹಾಸು ಏರಿಸುವ ರೂಢಿ, ಸುಮಾರು 56 ಗಜ. ಎಂಟು ಸೀರೆಗೆ ಒಂದೇ ಹಾಸು ಓಡುವಾಗ ಸೆರಗಿಗೆ ಬೇರೆ ಹಾಸು ಸಿಕ್ಕಿಸುವ ಮಾತು ಬರುವುದಿಲ್ಲ. ಒಡಲಿನಲ್ಲಿ ಚೌಕಳಿ, ದಡಿಯಲ್ಲಿ ಗುಡಿಯ ವಿನ್ಯಾಸ ಕಂಡರೆ ಅದು ನಾರಾಯಣಪೇಟೆಯದೇ ಎಂಬ ಅನುಮಾನ ಇನ್ನಷ್ಟು ಬಲವಾಗುತ್ತದೆ. ಗದ್ವಾಲ್‌ನಲ್ಲಿ ಹತ್ತಿ ಒಡಲಿಗೆ ರೇಷ್ಮೆಯ ದಡಿ, ಸೆರಗು ಕೂಡಿಸುವ ತಮ್ಮದೇ ವಿಧಾನವಿದೆ, ಅದಕ್ಕೆ ಅಲ್ಲಿನವರು ಕುಟ್ಟು ಎನ್ನುತ್ತಾರೆ. ಜರಿ ಹೆಚ್ಚು, ಟೋಪ್ ತೆನಿ ಇಲ್ಲ. ಈ ಹೆಣ್ಣುಮಗಳ ರಾಶಿಯಲ್ಲೇ ಒಂದು ಹಸಿರು ಚೌಕಳಿ ಸೀರೆ ಇಳಕಲ್ ಎಂದು ಹೆಸರು ಹೊತ್ತು ಕುಳಿತಿತ್ತು. ಸೆರಗಿನ ತುದಿಯಲ್ಲಿ ಜೋಲುತ್ತಿದ್ದ ಎಳೆಗಳೂ ಹಸಿರೇ, ಗೆರೆಯಲ್ಲಿ ಕೊಂಡಿಯಿಲ್ಲ. ಎಲ್ಲಿ ಕೊಂಡದ್ದೆಂದು ನೆನಪು ಮಾಡಿಕೊಂಡರೆ, ಮಕ್ತಲ್ ಕಡೆಯ ನೆಂಟರ ಮದುವೆಗೆ ಹೋದಾಗ ತಂದದ್ದು. ನಾರಾಯಣಪೇಟೆ ಸೀರೆಯಾಗಿ ಅದು ಒಳ್ಳೆಯ ಸೀರೆಯೇ, ಹೆಸರು ಮಾತ್ರ ತಪ್ಪಿತ್ತು.

ಇಳಕಲ್, ನಾರಾಯಣಪೇಟೆ, ಗದ್ವಾಲ್ ಮೂರಕ್ಕೂ ಭೌಗೋಳಿಕ ಗುರುತು, ಅಂದರೆ ಜಿಐ ನೋಂದಣಿ ಇದೆ. ಆದ್ದರಿಂದ ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು ಬರೀ ಗೊಂದಲವಲ್ಲ, ಕಾನೂನಿನ ಕಣ್ಣಲ್ಲೂ ತಪ್ಪು. ಇಲ್ಲಿ ಚೀಟಿಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಕೊಳ್ಳುವವರು "ಯಾವುದಾದರೂ ಸರ್ಟಿಫಿಕೇಟ್ ಇದೆಯಾ" ಎಂದು ಒಟ್ಟಾಗಿ ಕೇಳುತ್ತಾರೆ, ಮಾರುವವರು ಸಿಕ್ಕಿದ ಚೀಟಿಯ ಫೋಟೊ ಹಾಕುತ್ತಾರೆ. ಒಂದೊಂದು ಚೀಟಿ ಒಂದೊಂದು ಪ್ರಶ್ನೆಗೆ ಉತ್ತರ. 2004ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ತಂದ ಸಿಲ್ಕ್ ಮಾರ್ಕ್ ನೂಲು ಅಪ್ಪಟ ರೇಷ್ಮೆಯೇ ಎಂದು ಹೇಳುತ್ತದೆ. ನೇಯ್ದದ್ದು ಕೈಯೋ ಯಂತ್ರವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ವಿದ್ಯುತ್ ಮಗ್ಗದ ಮೈಸೂರು ಸಿಲ್ಕಿಗೂ ಅದು ಸಿಗುತ್ತದೆ. 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಕೈಮಗ್ಗದಲ್ಲಿ ನೇಯ್ದದ್ದು ಎನ್ನುತ್ತದೆ, ರೇಷ್ಮೆಯೋ ಚಮಕಾವೋ ಎಂಬುದನ್ನು ಅದರಿಂದ ತಿಳಿಯಲಾಗದು. 2015ರ ಆಗಸ್ಟ್ 7ರಂದು, ಮೊದಲ ರಾಷ್ಟ್ರೀಯ ಕೈಮಗ್ಗ ದಿನದಂದು, ಶುರುವಾದ ಇಂಡಿಯಾ ಹ್ಯಾಂಡ್‌ಲೂಮ್ ಬ್ರ್ಯಾಂಡ್ ಗುಣಮಟ್ಟದ ಮಾತನ್ನೂ ಸೇರಿಸುತ್ತದೆ. ಜಿಐ ಯಾವ ಊರಿನದು, ಆ ಊರಿನ ಯಾವ ಪದ್ಧತಿಯದು ಎಂಬುದಕ್ಕೆ ಉತ್ತರ.

ಹತ್ತಿ ಒಡಲು, ಚಮಕಾ ದಡಿಯ ನಮ್ಮ ಸೀರೆಗೆ ಸಿಲ್ಕ್ ಮಾರ್ಕ್ ಹುಡುಕುವುದೇ ತಪ್ಪು. ಹಾಗೆ ಯಾರಾದರೂ ಅಂಟಿಸಿ ತೋರಿಸಿದರೆ ಅದು ಬೇರೆ ಸೀರೆಯಿಂದ ಬಂದಿದೆಯೇ ಎಂದು ಕೇಳಿ. ಚೀಟಿಯ ಸಂಖ್ಯೆ ಓದಲು ಬರುವಂತೆ, ಅದು ಅದೇ ಸೀರೆಗೆ ಕಟ್ಟಿರುವುದು ಕಾಣುವಂತೆ ಫೋಟೊ ಇರಬೇಕು. ಸೀರೆ ಒಂದು ಕಡೆ, ಚೀಟಿ ಇನ್ನೊಂದು ಕಡೆ ಎರಡು ಬೇರೆ ಫೋಟೊ ಹಾಕಿದರೆ ಅವೆರಡಕ್ಕೂ ಏನು ಸಂಬಂಧ ಎಂದು ತಿಳಿಯುವುದು ಹೇಗೆ? ಈ ಸೀರೆಗೆ ಯಾವ ಚೀಟಿಯೂ ಇರಲಿಲ್ಲ. ಮನೆಯಲ್ಲಿ ಒಂದೆರಡು ಮಗ್ಗ ಇಟ್ಟುಕೊಂಡ ಎಷ್ಟೋ ನೇಕಾರರ ಸೀರೆಗೆ ಇರುವುದಿಲ್ಲ. ಅಂಥ ಕಡೆ "ಚೀಟಿ ಇಲ್ಲ" ಎಂದೇ ಬರೆದು, ಕೊಂಡಿಯ ಫೋಟೊ, ನೇಕಾರರ ಒಪ್ಪಿಗೆಯಿದ್ದರೆ ಅವರ ಹೆಸರು ಮತ್ತು ಓಣಿ, ಕೊಂಡ ಬಿಲ್ಲು ಇವನ್ನು ಕೊಡಬೇಕು. ಚೀಟಿ ಇಲ್ಲದ್ದನ್ನು ಹೇಳಿದರೆ ಗಿರಾಕಿ ಓಡಿಹೋಗುತ್ತಾರೆ ಎಂದು ಅವಳಿಗೆ ಹೆದರಿಕೆಯಿತ್ತು. ಕೊಂಡಿಯ ಚಿತ್ರ ನೋಡಿದ ಮೇಲೆ ಚೀಟಿ ಕೇಳುವವರು ಕಡಿಮೆಯಾದರು.

ಇನ್ನು ಒಗೆತ. "ಡ್ರೈ ವಾಷ್ ಓನ್ಲಿ" ಎಂದು ಬರೆದು ಕೈತೊಳೆದುಕೊಳ್ಳುವುದು ಮಾರುವವರ ಅಭ್ಯಾಸ. ದಿನವೂ ಉಡುವ ಹತ್ತಿ ಇಳಕಲ್ ಸೀರೆಗೆ ಇದು ಅನ್ಯಾಯ. ಉತ್ತರ ಕರ್ನಾಟಕದ ಹೆಂಗಸರು ಹೊಲದಲ್ಲಿ ಉಟ್ಟು, ಬಾವಿಯಲ್ಲಿ ಒಗೆದು, ಮತ್ತೆ ಉಟ್ಟ ಸೀರೆ ಇದು. ಆದರೆ ಒಗೆಯುವ ಕ್ರಮ ಮೂರು ನೂಲಿಗೂ ಹೊಂದಬೇಕು, ಹಾಗಾಗಿ ಮೂರರಲ್ಲಿ ಅತಿ ಮೆದು ಯಾವುದೋ ಅದರ ಲೆಕ್ಕಕ್ಕೆ ನಡೆಯಬೇಕು. ನಮ್ಮ ಸೀರೆಯಲ್ಲಿ ಅದು ಚಮಕಾ ದಡಿ. ಒದ್ದೆಯಲ್ಲಿ ಎಳೆ ಕಡಿಯುವುದನ್ನು ನೋಡಿದ್ದೇವಲ್ಲ, ಅದನ್ನೇ ಒದ್ದೆಯಿದ್ದಾಗ ಹಿಂಡಿದರೆ, ಕಲ್ಲಿಗೆ ಬಡಿದರೆ, ದಡಿ ಹಿಡಿದು ಹಗ್ಗಕ್ಕೆ ಜೋತು ಬಿಟ್ಟರೆ ದಡಿಯೇ ಮೊದಲು ಹರಿಯುವುದು. ಮಡಿಚಿ ಅಂಗೈಯಲ್ಲಿ ಒತ್ತಿ ನೀರು ತೆಗೆಯಬೇಕು, ಒಡಲಿನ ಭಾರ ಎರಡು ಹಗ್ಗದ ಮೇಲೆ ಹಂಚಿ ನೆರಳಿಗೆ ಹರವಬೇಕು.

ಎರಡನೆಯ ಅಪಾಯ ಕೆಂಪು ಬಣ್ಣ. ಸೆರಗಿನಲ್ಲಿ ಕೆಂಪಿನ ಮಗ್ಗುಲಲ್ಲೇ ಬಿಳಿ ಇದೆ. ಕೆಂಪು ಬಿಟ್ಟುಕೊಂಡರೆ ತೆನೆಗಳೆಲ್ಲ ಗುಲಾಬಿ. ಇದನ್ನು ಮಾರುವ ಮೊದಲೇ ನೋಡಬಹುದು. ಬಿಳಿ ಹತ್ತಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಸೆರಗಿನ ಹಿಂಬದಿಯಲ್ಲಿ ಕೆಂಪಿನ ಮೇಲೆ ಒತ್ತಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ನಾಲ್ಕು ಸಲ ಉಜ್ಜಿ ತೆಗೆಯಿರಿ. ಚೂರಿಗೆ ಬಣ್ಣ ತಾಗಿದರೆ ಆ ಮಾತು ವಿವರದಲ್ಲಿ ಇರಲೇಬೇಕು. ನಮ್ಮ ಚೂರಿಗೆ ತೆಳು ಗುಲಾಬಿ ಹತ್ತಿತು. ಹಾಗಾಗಿ ನೆನೆಹಾಕಬಾರದು, ಮೊದಲ ಕೆಲವು ಸಲ ಬೇರೆಯಾಗಿ ತಣ್ಣೀರಿನಲ್ಲಿ ಬೇಗ ಬೇಗ ಅದ್ದಿ ತೆಗೆಯಬೇಕು, ಒದ್ದೆಯಿದ್ದಾಗ ಸೆರಗನ್ನು ಮಡಿಸಿ ಇಡಬಾರದು ಎಂದು ಬರೆದೆವು. ಹೆಚ್ಚಿನ ಕಲೆಗಳು ತೊಳೆಯುವಾಗ ಆಗುವುದಿಲ್ಲ, ಒದ್ದೆ ಸೀರೆಯನ್ನು ಬಕೆಟ್ಟಿನಲ್ಲಿ ಮುದ್ದೆ ಮಾಡಿ ಬಿಟ್ಟು ಬೇರೆ ಕೆಲಸಕ್ಕೆ ಹೋದಾಗ ಆಗುತ್ತವೆ. ಉಪ್ಪುನೀರಲ್ಲಿ ಅದ್ದಿದರೆ ಬಣ್ಣ ಗಟ್ಟಿಯಾಗುತ್ತದೆ ಎಂಬ ಸಲಹೆಯನ್ನು ಸೇರಿಸೋಣ ಎಂದಳು. ಉಪ್ಪಿಗೆ ಕೆಲಸ ಇರುವುದು ಬಣ್ಣ ಅದ್ದುವ ಹಂಡೆಯಲ್ಲಿ. ಅದ್ದಿ ಮುಗಿದ ಸೀರೆಯಲ್ಲಿ ಹಿಡಿಯದೆ ಉಳಿದ ಬಣ್ಣವನ್ನು ಅದು ಖಾಯಂ ಮಾಡುವುದಿಲ್ಲ. ಬೇಡವೆಂದೆ.

ಮೂರನೆಯದನ್ನು ಯಾರೂ ಬರೆಯುವುದಿಲ್ಲ, ಆದರೆ ಸೀರೆ ವಾಪಸು ಬರುವುದಕ್ಕೆ ಅದೂ ಕಾರಣ. ಹತ್ತಿ ಒಡಲು ಮೊದಲ ಒಗೆತಕ್ಕೆ ಒಂದಷ್ಟು ಕುಗ್ಗುತ್ತದೆ. ದಡಿಯ ನೂಲು ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಆಗ ದಡಿ ನಿರಿಗೆ ಹಿಡಿದಂತೆ ಅಲೆಅಲೆಯಾಗುತ್ತದೆ. ಕೊಂಡವರು ಕಳಪೆ ಸೀರೆ ಕೊಟ್ಟರು ಎಂದುಕೊಳ್ಳುತ್ತಾರೆ. ಇನ್ನೂ ಸ್ವಲ್ಪ ಹಸಿಯಿದ್ದಾಗಲೇ ಇಬ್ಬರು ಎರಡು ತುದಿ ಹಿಡಿದು ಒಡಲನ್ನು ಉದ್ದಕ್ಕೆ ಹದವಾಗಿ ಜಗ್ಗಿ, ದಡಿಯನ್ನು ಜಗ್ಗದೆ, ಆಮೇಲೆ ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡಿದರೆ ಬಹುಪಾಲು ಸರಿಹೋಗುತ್ತದೆ. ಗಂಜಿ ಹಾಕುವುದಾದರೆ ಒಡಲಿಗೆ ಮಾತ್ರ, ರೇಷ್ಮೆ ಸೆರಗಿಗೆ ಬೇಡ.

ಅಳತೆಗೆ ಬಂದಾಗ ಅವಳು "ಆರು ಗಜ" ಎಂದಳು. ಅವಳ ಅಜ್ಜಿಯ ಕಾಲದವರು ಹದಿನಾರು ಮೊಳ, ಹದಿನೆಂಟು ಮೊಳ ಎನ್ನುತ್ತಿದ್ದರು, ಅಂದರೆ ಎಂಟು ಗಜ, ಒಂಬತ್ತು ಗಜ. ಪ್ಯಾಕ್ ಮಾಡಿ ಮಾರುವ ಸರಕಿಗೆ 2011ರ ಲೀಗಲ್ ಮೆಟ್ರಾಲಜಿ ನಿಯಮಗಳು ಅಳತೆಯನ್ನು ಮೀಟರಿನಲ್ಲಿ ಕೇಳುತ್ತವೆ. ತಯಾರಕರ ಹೆಸರು ವಿಳಾಸ, ಎಲ್ಲ ತೆರಿಗೆ ಸೇರಿದ ಬೆಲೆ, ದೂರು ಹೇಳಲು ಸಂಪರ್ಕ ಇವೂ ಬೇಕು. ಟೇಪು ಹಿಡಿದು ಅಳೆದೆವು. ರವಿಕೆ ಬಟ್ಟೆಯನ್ನು ಸೀರೆಯ ಉದ್ದಕ್ಕೆ ಸೇರಿಸಿ ಹೇಳುವುದು ಕೆಟ್ಟ ರೂಢಿ, ಉಟ್ಟಾಗ ಸೆರಗು ಗಿಡ್ಡವಾಗುವುದು ಅದರಿಂದಲೇ. ಎರಡನ್ನೂ ಬೇರೆ ಬೇರೆ ಬರೆದೆವು. ಫೋಟೊಗಳನ್ನು ಬೆಳಗಿನ ನೆರಳಿನಲ್ಲಿ, ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ತೆಗೆದೆವು. ಕಾಗದ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ಫೋಟೊದಲ್ಲಿ ತಪ್ಪಿದೆ ಎಂದು ನೋಡುವವರಿಗೇ ಗೊತ್ತಾಗುತ್ತದೆ.

ಕೊನೆಗೆ ನಿಂತ ವಿವರ ಇದು:

"ಇಳಕಲ್ ಕೈಮಗ್ಗದ ಸೀರೆ, ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ನೇಯ್ದದ್ದು. ಒಡಲು: ಕಡುನೀಲಿ, ಹಾಸು ಹೊಕ್ಕು ಎರಡೂ ಹತ್ತಿ. ದಡಿ: ಕೆಂಪು, ಚಮಕಾ (ರೇಯಾನ್), 4 ಅಂಗುಲ, ಎರಡೂ ಕಡೆ. ಸೆರಗು: ಕೆಂಪು ಬಿಳಿ ಟೋಪ್ ತೆನಿ, ರೇಷ್ಮೆ, ಒಡಲಿಗೆ ಕೊಂಡಿ ಹಾಕಿ ಕೂಡಿಸಿದ್ದು, ಕೊಂಡಿಯ ಹಿಂಬದಿ 3ನೇ ಫೋಟೊದಲ್ಲಿ, ಸೆರಗಿನ ಬಿಡಿ ಎಳೆ 4ನೇ ಫೋಟೊದಲ್ಲಿ. ಸೀರೆ 5.5 ಮೀಟರ್, ರವಿಕೆ ಬಟ್ಟೆ ಬೇರೆಯಾಗಿ 80 ಸೆಂ.ಮೀ. ಕಸೂತಿ ಇಲ್ಲ. ಯಾವ ಮಾರ್ಕಿನ ಚೀಟಿಯೂ ಇಲ್ಲ. ನೇಕಾರರ ಹೆಸರು, ಓಣಿ ಬಿಲ್ಲಿನಲ್ಲಿದೆ. ಒಡಲಿನಲ್ಲಿ ಒಂದು ಕಡೆ ಎಳೆ ದಪ್ಪವಾಗಿ ಬಂದಿದೆ, 5ನೇ ಫೋಟೊ ನೋಡಿ. ಕೆಂಪು ಮೊದಲ ಒಗೆತಗಳಲ್ಲಿ ಸ್ವಲ್ಪ ಬಿಡುತ್ತದೆ: ನೆನೆಹಾಕಬೇಡಿ, ತಣ್ಣೀರಿನಲ್ಲಿ ಬೇರೆಯಾಗಿ ಒಗೆದು ಕೂಡಲೇ ನೆರಳಿಗೆ ಹರವಿ. ದಡಿ ಒದ್ದೆಯಿದ್ದಾಗ ಹಿಂಡಬೇಡಿ. ಹತ್ತಿ ಒಡಲು ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ."

"ದಪ್ಪ ಎಳೀ ಯಾಕ ತೋರಸ್ತೀರಿ ಅಕ್ಕಾರ, ಅದು ಡ್ಯಾಮೇಜ್ ಅಂತಾರ" ಎಂದು ಅವಳು ಆ ಸಾಲನ್ನು ಅಳಿಸಲು ಹೊರಟಿದ್ದಳು. ನಾನು ಬಿಡಲಿಲ್ಲ. ಕೈಮಗ್ಗದಲ್ಲಿ ಅಂಥ ಎಳೆ ಬರುವುದು ಮಾಮೂಲು. ಆದರೆ "ಕೈಮಗ್ಗ ಅಂದ ಮೇಲೆ ಅದೆಲ್ಲ ಇರುತ್ತದೆ" ಎಂಬ ಮಾತನ್ನು ಹರಿದ ಎಳೆಗೂ, ಬಿಟ್ಟುಹೋದ ಹೊಕ್ಕಿಗೂ, ಎಣ್ಣೆಯ ಕಲೆಗೂ ಹೊದಿಸುವವರಿದ್ದಾರೆ. ದಪ್ಪ ಎಳೆ ಬಟ್ಟೆಯ ಬಲ ಕಡಿಮೆ ಮಾಡುವುದಿಲ್ಲ, ಹೊಕ್ಕು ಬಿಟ್ಟ ಜಾಗ ಬೆಳಕಿಗೆ ಹಿಡಿದರೆ ಗೆರೆಯಾಗಿ ಕಾಣುತ್ತದೆ ಮತ್ತು ಅಲ್ಲಿಂದಲೇ ಹರಿಯುತ್ತದೆ. ಯಾವುದು ಇದೆ ಎಂದು ಫೋಟೊ ಸಮೇತ ಹೇಳಿದರೆ ಕೊಳ್ಳುವವರೇ ತೀರ್ಮಾನಿಸುತ್ತಾರೆ.

ಸೀರೆ ಕೊಂಡವರು ಧಾರವಾಡದ ಒಬ್ಬ ನಿವೃತ್ತ ಶಿಕ್ಷಕಿ. ದುಡ್ಡು ಕಳಿಸುವ ಮೊದಲು ಅವರು ಕೇಳಿದ್ದು ಒಂದೇ ಪ್ರಶ್ನೆ: ಉಡುವಾಗ ಪಿನ್ನು ಕೊಂಡಿಯ ಗೆರೆಗೆ ಬಂದರೆ ಏನು ಮಾಡಲಿ? ಒಳ್ಳೆಯ ಪ್ರಶ್ನೆ. ಪಿನ್ನಿನ ಮೊನೆ ಕುಣಿಕೆಯನ್ನು ಕಡಿದರೆ ಅಲ್ಲಿ ಸೆರಗು ಒಡಲಿನಿಂದ ಬಿಡಲು ಶುರುವಾಗುತ್ತದೆ, ರಫೂ ಮಾಡುವವರಿಗೂ ಅದನ್ನು ಮೊದಲಿನಂತೆ ಕೂಡಿಸುವುದು ಕಷ್ಟ. ಗೆರೆಯಿಂದ ಎರಡು ಬೆರಳು ದೂರದಲ್ಲಿ, ಒಡಲಿನ ಹತ್ತಿಯ ಮೇಲೆ ಪಿನ್ನು ಹಾಕಿ ಎಂದು ಅವಳು ಉತ್ತರಿಸಿದಳು. ಮುಂದಿನ ಸೀರೆಯ ವಿವರದಲ್ಲಿ ಆ ಸಾಲೂ ಸೇರಿತು.